ಸೂತ್ರದ ಕರ್ತೃಪದವನ್ನು ಬದಲಾಯಿಸುವ ಅಭ್ಯಾಸ ಹಾಳೆ: ಪರಿಶೀಲನೆಯ ಬಗೆ

(ಕುಂದಾ ಪ್ರದೇಶದ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸೂತ್ರದ ಕರ್ತೃಪದವನ್ನು ಬದಲಾಯಿಸುವ ಅಭ್ಯಾಸ ಹಾಳೆಯನ್ನು ತಿದ್ದುವಾಗ ನಾವು ಸಾಮಾನ್ಯವಾಗಿ ಕೊನೆಯ ಸಾಲನ್ನಷ್ಟೇ ನೋಡಿ ಸರಿ ಅಥವಾ ತಪ್ಪು ಎಂದು ಗುರುತು ಹಾಕುತ್ತೇವೆ. ಆದರೆ ಕೊನೆಯ ಸಾಲು ತಪ್ಪಾಗಿದೆ ಎಂದು ತಿಳಿದ ಮಾತ್ರಕ್ಕೆ ವಿದ್ಯಾರ್ಥಿ ಎಲ್ಲಿ ಎಡವಿದನೆಂಬುದು ತಿಳಿಯುವುದಿಲ್ಲ. ಆತ ಕ್ರಿಯೆಗಳನ್ನು ಬಿಚ್ಚಿದ ಕ್ರಮ ತಪ್ಪಾಗಿರಬಹುದು, ಇಲ್ಲವೇ ಕ್ರಮ ಸರಿಯಿದ್ದು ಒಂದು ಪಕ್ಷಕ್ಕೆ ಮಾಡಿದ್ದನ್ನು ಇನ್ನೊಂದು ಪಕ್ಷಕ್ಕೆ ಪೂರ್ಣವಾಗಿ ಮಾಡದೆ ಬಿಟ್ಟಿರಬಹುದು. ಇವೆರಡೂ ಬೇರೆ ಬೇರೆ ತಪ್ಪುಗಳು. ಇವುಗಳನ್ನು ತಿದ್ದುವ ದಾರಿಯೂ ಬೇರೆ ಬೇರೆ.

ಎಲ್ಲರಿಗೂ ಪರಿಚಿತವಾದ ತಾಪಮಾನದ ಸೂತ್ರವನ್ನೇ ತೆಗೆದುಕೊಳ್ಳೋಣ.

F = (9/5)C + 32

ಇಲ್ಲಿ C ಯನ್ನು ಕರ್ತೃಪದವಾಗಿಸಬೇಕು. ಬೀಜಗಣಿತದ ಸಾಲುಗಳನ್ನು ಬರೆಯುವ ಮೊದಲು C ಗೆ ಏನೇನು ಆಗಿದೆ ಎಂಬುದನ್ನು ವಿದ್ಯಾರ್ಥಿಯು ಮಾತಿನಲ್ಲಿ ಹೇಳಲಿ. ಮೊದಲು 9/5 ರಿಂದ ಗುಣಿಸಲಾಗಿದೆ, ಅನಂತರ 32 ಕೂಡಿಸಲಾಗಿದೆ. ಬಿಚ್ಚುವಾಗ ಕೊನೆಯದು ಮೊದಲು. ನಮ್ಮ ಬೆಟ್ಟದ ಚಳಿಯಲ್ಲಿ ಹೊದ್ದ ಕಂಬಳಿಯನ್ನು ತೆಗೆಯದೆ ಒಳಗಿನ ಅಂಗಿಯನ್ನು ಕಳಚಲಾಗದು ಎಂದರೆ ಮಕ್ಕಳಿಗೆ ಇಷ್ಟು ಅರ್ಥವಾಗುತ್ತದೆ. ಆದ್ದರಿಂದ ಮೊದಲು ಎರಡೂ ಪಕ್ಷಗಳಿಂದ 32 ನ್ನು ಕಳೆಯಬೇಕು, ಅನಂತರ ಎರಡೂ ಪಕ್ಷಗಳನ್ನು 5/9 ರಿಂದ ಗುಣಿಸಬೇಕು.

F − 32 = (9/5)C
C = (5/9)(F − 32)

ಹಾಳೆಗಳಲ್ಲಿ ಇದರ ಬದಲು C = (5/9)F − 32 ಎಂಬ ಉತ್ತರ ಮತ್ತೆ ಮತ್ತೆ ಕಾಣಿಸುತ್ತದೆ. ವಿದ್ಯಾರ್ಥಿ ಗುಣಾಕಾರವನ್ನು ಮೊದಲು ಬಿಚ್ಚಿದ್ದಾನೆ. "ಕ್ರಮ ತಪ್ಪು" ಎಂದು ಬರೆದು ಮುಂದೆ ಹೋಗುವುದು ಸುಲಭ, ಆದರೆ ಅದು ಅರ್ಧ ಸತ್ಯ ಮಾತ್ರ. ಗುಣಾಕಾರವನ್ನು ಮೊದಲು ಬಿಚ್ಚುವುದಕ್ಕೆ ಗಣಿತದ ಅಡ್ಡಿಯಿಲ್ಲ. ಹಾಗೆ ಮಾಡಿದಾಗ ಬಲಪಕ್ಷವೆಲ್ಲವೂ, ಅಂದರೆ 32 ಕೂಡ, 5/9 ರಿಂದ ಗುಣಿತವಾಗಬೇಕು, ಅಷ್ಟೆ.

(5/9)F = C + 160/9
C = (5/9)F − 160/9

ಇದು ಮೊದಲಿನ ಉತ್ತರವೇ; ಆವರಣವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಆದ್ದರಿಂದ ಆ ವಿದ್ಯಾರ್ಥಿಯ ನಿಜವಾದ ತಪ್ಪು ಇರುವುದು 32 ನ್ನು ಮುಟ್ಟದೆ ಬಿಟ್ಟಲ್ಲಿ. ವಿಲೋಮ ಕ್ರಮವನ್ನು ನಾವು ಕಲಿಸುವುದು ಅದು ಏಕೈಕ ದಾರಿ ಎಂಬ ಕಾರಣಕ್ಕಲ್ಲ. ಆ ದಾರಿಯಲ್ಲಿ ಪ್ರತಿ ಹೆಜ್ಜೆಯಲ್ಲೂ ಒಂದೇ ಪದವನ್ನು ಮುಟ್ಟಿದರೆ ಸಾಕು ಎಂಬ ಕಾರಣಕ್ಕೆ. ಎರಡನೆಯ ದಾರಿಯಲ್ಲಿ ಸರಿಯಾಗಿ ನಡೆದ ವಿದ್ಯಾರ್ಥಿಗೆ ಅಂಕ ಕಳೆಯುವುದು ನ್ಯಾಯವಲ್ಲ.

ಇನ್ನು ಸಂಖ್ಯೆಯನ್ನು ಹಾಕಿ ಪರೀಕ್ಷಿಸುವ ವಿಚಾರ. ಸಂಖ್ಯೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಹಿಮಬಿಂದು ಎಲ್ಲರಿಗೂ ನೆನಪಿರುವುದರಿಂದ F = 32 ಎಂದು ಹಾಕಿ C = 0 ಬಂದರೆ ತೃಪ್ತರಾಗುವುದುಂಟು. ಆದರೆ 5/9 ರ ಬದಲು 9/5 ರಿಂದಲೇ ಗುಣಿಸಿ C = (9/5)(F − 32) ಎಂದು ಬರೆದವನಿಗೂ ಅಲ್ಲಿ ಸೊನ್ನೆಯೇ ಬರುತ್ತದೆ. ಆವರಣದೊಳಗೆ ಸೊನ್ನೆಯಾದ ಮೇಲೆ ಹೊರಗಿನ ಗುಣಕ ಯಾವುದಾದರೇನು? F = 50 ಎಂದು ಹಾಕಿದರೆ ತಪ್ಪು ಬಯಲಾಗುತ್ತದೆ: ಸರಿಯಾದ ಸೂತ್ರ 10 ನ್ನು ಕೊಡುತ್ತದೆ, ತಪ್ಪಾದದ್ದು 32.4 ನ್ನು.

ಮೇಲ್ತರಗತಿಯ ಮಕ್ಕಳಿಗೆ 200 ನ್ನೂ ಕೊಡಬಹುದು. ಸಮುದ್ರಮಟ್ಟದಲ್ಲಿ 212 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕುದಿಯುವ ನೀರು ಎರಡು ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 200 ಡಿಗ್ರಿಗೇ ಕುದಿಯುತ್ತದೆ. 200 ರಿಂದ 32 ಕಳೆದರೆ 168; ಅದರ 5/9 ಎಂದರೆ 93.3 ಡಿಗ್ರಿ ಸೆಲ್ಸಿಯಸ್. 32 ನ್ನು ಮುಟ್ಟದೆ ಬಿಟ್ಟವನಿಗೆ 79.1 ಬರುತ್ತದೆ. ನೀಲಗಿರಿಯ ಮನೆಗಳಲ್ಲಿ ಅನ್ನ ಬೇಯಲು ತಡವಾಗುವುದು ನಿಜವಾದರೂ ಅಷ್ಟು ತಣ್ಣಗೆ ನೀರು ಇಲ್ಲಿ ಕುದಿಯುವುದಿಲ್ಲ.

ಹಾಳೆಯಲ್ಲಿ ಎಂತಹ ಸೂತ್ರಗಳಿರಬೇಕು ಎಂಬುದೂ ಮುಖ್ಯ. ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆ ನಮ್ಮ ಮಕ್ಕಳ ಕಣ್ಣೆದುರಿಗೇ ಇದೆ. ನಷ್ಟವನ್ನು ಬದಿಗಿಟ್ಟರೆ, ಬೀಳುವ ನೀರಿನಿಂದ ದೊರೆಯುವ ಶಕ್ತಿ ಕಿಲೋವ್ಯಾಟ್‌ಗಳಲ್ಲಿ P = 9.8QH. Q ಎಂಬುದು ಸೆಕೆಂಡಿಗೆ ಹರಿಯುವ ಘನಮೀಟರ್ ನೀರು, H ಎಂಬುದು ಮೀಟರ್‌ಗಳಲ್ಲಿ ಅದು ಬೀಳುವ ಎತ್ತರ. ಇದು ಒಳ್ಳೆಯ ಉದಾಹರಣೆಯೇ. ಆದರೆ ಇಲ್ಲಿ ಇರುವುದೆಲ್ಲ ಗುಣಾಕಾರ. Q ಬೇಕಾದರೆ ಮೊದಲು 9.8 ರಿಂದ ಭಾಗಿಸಿದರೂ ಮೊದಲು H ನಿಂದ ಭಾಗಿಸಿದರೂ ಉತ್ತರ ಒಂದೇ. ಹಾಳೆಯ ಹತ್ತೂ ಲೆಕ್ಕಗಳು ಹೀಗೆಯೇ ಇದ್ದರೆ ವಿಲೋಮ ಕ್ರಮವನ್ನು ಅರಿಯದ ವಿದ್ಯಾರ್ಥಿಯೂ ಪೂರ್ಣ ಅಂಕ ಪಡೆಯುತ್ತಾನೆ. ಸಂಕಲನವೂ ಗುಣಾಕಾರವೂ ಬೆರೆತ ಸೂತ್ರ ಮಾತ್ರ ಕ್ರಮವನ್ನು ಪರೀಕ್ಷಿಸುತ್ತದೆ.

ಈಗ ತುಸು ಕಠಿಣವಾದದ್ದು. ಹಸಿ ಚಹಾ ಎಲೆಯ ತೂಕ W, ಅದನ್ನು ಪೂರ್ತಿ ಒಣಗಿಸಿದ ಮೇಲಿನ ತೂಕ D ಆಗಿರಲಿ. ಎಲೆಯಲ್ಲಿದ್ದ ನೀರಿನ ಪಾಲು

m = (W − D)/W

100 ಕಿಲೋ ಎಲೆ ಒಣಗಿ 23 ಕಿಲೋ ಆದರೆ m = 0.77. D ಯನ್ನು ಕರ್ತೃಪದವಾಗಿಸಲು ಮೊದಲು ಎರಡೂ ಪಕ್ಷಗಳನ್ನು W ನಿಂದ ಗುಣಿಸುತ್ತೇವೆ: mW = W − D. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಮುಂದೆ "ಕಳೆದದ್ದನ್ನು ಕೂಡಿಸಬೇಕು" ಎಂಬ ಬಾಯಿಪಾಠದಿಂದ D = mW + W ಎಂದು ಬರೆಯುವವರಿದ್ದಾರೆ. ಸಂಖ್ಯೆ ಹಾಕಿದರೆ 77 + 100 = 177; ಒಣಗಿದ ಎಲೆ ಹಸಿ ಎಲೆಗಿಂತ ಭಾರ! W ನ್ನು ಪಕ್ಷಾಂತರ ಮಾಡಿ D ಯ ಮುಂದಿನ ಋಣ ಚಿಹ್ನೆಯನ್ನು ಮರೆತವನಿಗೆ −23 ಬರುತ್ತದೆ. D ಯಿಂದ ಏನನ್ನೋ ಕಳೆದಿಲ್ಲ, D ಯನ್ನೇ W ನಿಂದ ಕಳೆದಿದೆ ಎಂಬುದನ್ನು ಇಬ್ಬರೂ ಗಮನಿಸಲಿಲ್ಲ. ಇಂತಹ ಕಡೆ ಪಕ್ಷಾಂತರದ ಮಾತನ್ನು ಬಿಟ್ಟು ಎರಡೂ ಪಕ್ಷಗಳಿಗೆ D ಕೂಡಿಸಲು ಹೇಳುವುದು ಒಳ್ಳೆಯದು.

mW + D = W
D = W − mW

ಅದೇ ಸೂತ್ರದಲ್ಲಿ W ನ್ನು ಕರ್ತೃಪದವಾಗಿಸಲು ಕೇಳಿದರೆ ವಿಲೋಮ ಕ್ರಮ ನೇರವಾಗಿ ನೆರವಾಗುವುದಿಲ್ಲ. W ಎರಡು ಕಡೆ ಇರುವುದರಿಂದ ಅದಕ್ಕೆ ಆದ ಕ್ರಿಯೆಗಳನ್ನು ಒಂದೇ ಸಾಲಿನ ಸರಪಳಿಯಾಗಿ ಹೇಳಲಾಗದು. ಕೆಲವರು W = mW + D ಎಂದು ಬರೆದು ಮುಗಿಸುತ್ತಾರೆ. ಸಂಖ್ಯೆಗಳನ್ನು ಹಾಕಿದರೆ 77 + 23 = 100; ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆ! ಆದರೂ ಅದು ಉತ್ತರವಲ್ಲ, ಏಕೆಂದರೆ W ತಿಳಿಯಲು W ಮೊದಲೇ ತಿಳಿದಿರಬೇಕು. ಆದ್ದರಿಂದ ಸಂಖ್ಯೆ ಹಾಕುವ ಮೊದಲು ಬಲಪಕ್ಷದಲ್ಲಿ ಕರ್ತೃಪದ ಮತ್ತೆ ಇದೆಯೇ ಎಂದು ಕಣ್ಣಾಡಿಸಬೇಕು. ಇದ್ದರೆ W ಇರುವ ಪದಗಳನ್ನು ಒಂದೇ ಪಕ್ಷಕ್ಕೆ ತಂದು ಅಪವರ್ತಿಸಬೇಕು.

W − mW = D
W(1 − m) = D
W = D/(1 − m)

23 ನ್ನು 0.23 ರಿಂದ ಭಾಗಿಸಿದರೆ 100 ಕಿಲೋ ಸಿಗುತ್ತದೆ. W ಒಂದೇ ಕಡೆ ಬಂದು ನಿಂತ ಎರಡನೆಯ ಸಾಲಿನಿಂದ ಮುಂದೆ ಮತ್ತೆ ಹಳೆಯ ವಿಲೋಮ ಕ್ರಮವೇ.