ಹೊಟ್ಟೆ ಕಟ್ಟಿದಾಗ: ನಾರು, ನೀರು, ಪರಂಗಿ ಹಣ್ಣು ಮತ್ತು ಇಸಬ್‌ಗೋಲು
(ರೈತರ ಕೂಟದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಇಂದು ನಾನು ಮಾತನಾಡಲಿರುವ ವಿಷಯವನ್ನು ಕೇಳಿ ಹಿಂದಿನ ಸಾಲಿನ ಕೆಲವು ತರುಣರು ನಗುತ್ತಿದ್ದಾರೆ. ನಗಲಿ. ಅವರ ಮನೆಯ ಹಿರಿಯರು ಮಾತ್ರ ನಗುತ್ತಿಲ್ಲ, ನೋಡಿ. ಜ್ವರ ಬಂದರೆ ಹತ್ತು ಜನರಿಗೆ ಹೇಳಿಕೊಳ್ಳುತ್ತೇವೆ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದ್ದರೆ ಹೆಂಡತಿಗೂ ಹೇಳದೆ ಅಂಗಡಿಗೆ ಹೋಗಿ ಬೇಧಿ ಮಾತ್ರೆ ತಂದು ನುಂಗುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ದಿನಕ್ಕೊಂದು ಸಲ ಬಹಿರ್ದೆಸೆಗೆ ಹೋಗಲೇಬೇಕೆಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲ ಹೋಗುವವರೂ ಇದ್ದಾರೆ, ವಾರಕ್ಕೆ ಮೂರು ಸಲ ಹೋಗುವವರೂ ಇದ್ದಾರೆ. ಕಷ್ಟವಿಲ್ಲದೆ ಹೋಗುವುದಾದರೆ ಇಬ್ಬರೂ ಆರೋಗ್ಯವಂತರೇ. ವಾರಕ್ಕೆ ಮೂರಕ್ಕಿಂತ ಕಡಿಮೆಯಾದರೆ, ಮಲವು ಆಡಿನ ಹಿಕ್ಕೆಯಂತೆ ಗಟ್ಟಿಯಾಗಿ ಬಂದರೆ, ಮುಕ್ಕಿ ಮುಕ್ಕಿ ಹಣೆ ಬೆವರಿದರೆ, ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲವೆನಿಸಿದರೆ, ಅದನ್ನು ಮಲಬದ್ಧತೆ ಎನ್ನುತ್ತೇವೆ.

ನನ್ನ ಬಳಿಗೆ ಬಂದ ಒಬ್ಬ ರೈತರ ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ. ವಯಸ್ಸು ಐವತ್ತಾರು. ಎರಡು ಎಕರೆ ಹೊಲ, ಎರಡು ಹಸು. ನಾಲ್ಕು ದಿನಕ್ಕೊಮ್ಮೆ ಹೊರಗೆ ಹೋಗುತ್ತಿದ್ದರು. ಹೋದಾಗ ಅರ್ಧ ಗಂಟೆ ಕೂರುತ್ತಿದ್ದರು. ತಿಂಗಳಿಗೆರಡು ಸಲ ಹರಳೆಣ್ಣೆ ಕುಡಿಯುತ್ತಿದ್ದರು. ಕುಡಿದ ದಿನ ಏಳೆಂಟು ಸಲ ಬೇಧಿಯಾಗಿ ಸುಸ್ತು. ಆಮೇಲೆ ಮೂರು ದಿನ ಏನೂ ಇಲ್ಲ. "ನೋಡಿ ಡಾಕ್ಟ್ರೇ, ಎಣ್ಣೆ ಕುಡಿದರೂ ಮತ್ತೆ ಕಟ್ಟಿಕೊಂಡಿತು" ಎಂದರು.

ಇಲ್ಲಿ ಸ್ವಲ್ಪ ಯೋಚಿಸಿ. ಕಣಜವನ್ನು ಪೂರ್ತಿ ಬರಿದು ಮಾಡಿದರೆ ಅದು ಮತ್ತೆ ತುಂಬಲು ದಿನ ಬೇಡವೇ? ಬಲವಾದ ಬೇಧಿಯ ನಂತರ ಎರಡು ಮೂರು ದಿನ ಮಲವಿಲ್ಲದಿರುವುದು ಸಹಜ. ಅದನ್ನೇ ರೋಗವೆಂದು ತಿಳಿದು ಮತ್ತೆ ಬೇಧಿ ತೆಗೆದುಕೊಂಡರೆ ಈ ಸುತ್ತು ಮುಗಿಯುವುದೇ ಇಲ್ಲ.

ಅವರ ಊಟವನ್ನು ವಿಚಾರಿಸಿದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿಯೂ ಅನ್ನ. ದಿನಕ್ಕೆ ಹತ್ತಿರ ಹತ್ತಿರ 400 ಗ್ರಾಂ ಬಿಳಿ ಅಕ್ಕಿ. ತಾವೇ ರಾಗಿ ಬೆಳೆಯುತ್ತಾರೆ, ಆದರೆ ಬಂದ ರಾಗಿಯೆಲ್ಲ ಮಾರಾಟಕ್ಕೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 3 ಗ್ರಾಂ ನಾರು. ರಾಗಿಯಲ್ಲಿ 11 ಗ್ರಾಂ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಇವರ 400 ಗ್ರಾಂ ಅಕ್ಕಿಯಿಂದ ಸಿಗುತ್ತಿದ್ದುದು 11 ಗ್ರಾಂ ಅಷ್ಟೆ. ಅದರಲ್ಲಿ ಅರ್ಧವನ್ನು ರಾಗಿಗೆ ಬದಲಾಯಿಸಿದರೆ ಆ ಹನ್ನೊಂದು ಇಪ್ಪತ್ತೆಂಟಾಗುತ್ತದೆ. ಕಾಳು, ಸೊಪ್ಪುಗಳ ಲೆಕ್ಕ ಬೇರೆ. ಆದರೆ ರಾಗಿ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡನ್ನು ದನಕ್ಕೆ ಹಾಕುವ ಮನೆಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ನಾರೆಲ್ಲ ಹಸುವಿನ ಪಾಲು.

ನೀರಿನ ಸಂಗತಿ ಇನ್ನೂ ಕೆಟ್ಟದಾಗಿತ್ತು. ಬಿಸಿಲಿನಲ್ಲಿ ದಿನವಿಡೀ ದುಡಿದು ಒಂದು ಲೀಟರಿನ ಬಾಟಲಿ ನೀರು, ನಾಲ್ಕು ಸಣ್ಣ ಲೋಟ ಟೀ. ನಮ್ಮ ದೊಡ್ಡ ಕರುಳಿನ ಒಂದು ಕೆಲಸ, ಮಲದಲ್ಲಿರುವ ನೀರನ್ನು ಹೀರಿ ಮೈಗೆ ಕೊಡುವುದು. ಮಲ ಎಷ್ಟು ಹೊತ್ತು ಅಲ್ಲಿ ನಿಂತಿರುತ್ತದೋ ಅಷ್ಟೂ ಒಣಗುತ್ತದೆ. ಹೊಲದಲ್ಲಿ ಮರೆ ಇಲ್ಲವೆಂದು, ನಮ್ಮ ಹೆಣ್ಣುಮಕ್ಕಳಾದರೆ ಕತ್ತಲಾಗಲಿ ಎಂದು, ಬಂದ ಕರೆಯನ್ನು ತಡೆದುಕೊಳ್ಳುತ್ತಾರೆ. ತಡೆದಷ್ಟೂ ಗಟ್ಟಿ. ತಡೆಯುವುದು ಅಭ್ಯಾಸವಾದರೆ ಕರೆಯೇ ಮಂದವಾಗುತ್ತದೆ.

ನಾನು ಹೇಳುವ ಮೊದಲೇ ಈ ರೈತರು ಒಂದು ಪ್ರಯೋಗ ಮಾಡಿದ್ದರು. ಇಸಬ್‌ಗೋಲು ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಮೂರು ದೊಡ್ಡ ಚಮಚ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದರು. ಎದೆಯಲ್ಲಿ ಸಿಕ್ಕಿಕೊಂಡಂತಾಯಿತು, ಹೊಟ್ಟೆ ಡೋಲಿನಂತೆ ಉಬ್ಬಿತು, ಐದು ದಿನ ಬಾಗಿಲು ಪೂರ್ತಿ ಬಂದ್. ತಪ್ಪು ಇಸಬ್‌ಗೋಲಿನದಲ್ಲ. ಅದು ಉತ್ತರ ಗುಜರಾತಿನಲ್ಲಿ, ರಾಜಸ್ಥಾನದಲ್ಲಿ ಹೆಚ್ಚಾಗಿ ಬೆಳೆಯುವ ಒಂದು ಸಣ್ಣ ಗಿಡದ ಬೀಜದ ಹೊಟ್ಟು. ಒಂದು ಚಮಚ ಹೊಟ್ಟನ್ನು ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಲೋಳೆಯಾಗಿ ಊದಿಕೊಂಡಿರುತ್ತದೆ. ಕರುಳಿನಲ್ಲೂ ಹೀಗೆಯೇ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಹಿಡಿದಿಡಲು ನೀರೇ ಇಲ್ಲದಿದ್ದರೆ ಅದೇ ಒಂದು ಬೆಣೆಯಾಗುತ್ತದೆ.

ಅವರಿಗೆ ಕೊಟ್ಟ ಕ್ರಮ ಹೀಗಿತ್ತು. ಮೊದಲ ವಾರ ಎರಡೇ ಬದಲಾವಣೆ. ಹೊಲಕ್ಕೆ ಒಂದರ ಬದಲು ಎರಡು ಬಾಟಲಿ ನೀರು, ಮನೆಯಲ್ಲಿ ಊಟಕ್ಕೊಂದು ಲೋಟ ಮಜ್ಜಿಗೆ. ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ನೀರನ್ನು ಅಳೆದು ಕೊಟ್ಟಿರುವವರು ಮಾತ್ರ ನನ್ನ ಮಾತು ಕೇಳಿ ಹೆಚ್ಚಿಸಬಾರದು. ಎರಡನೆಯದು, ರಾತ್ರಿ ಅನ್ನದ ಬದಲು ಜರಡಿ ಹಿಡಿಯದ ಹಿಟ್ಟಿನ ಮುದ್ದೆ, ಅದಕ್ಕೆ ಸೊಪ್ಪಿನ ಬಸ್ಸಾರು. ಮಧ್ಯಾಹ್ನವೂ ಮುದ್ದೆ ಮಾಡಿಸುತ್ತೇನೆ ಎಂದರು. ಬೇಡವೆಂದೆ. ನಾರನ್ನು ಒಮ್ಮೆಗೇ ಏರಿಸಿದರೆ ವಾಯು ತುಂಬಿ ಹೊಟ್ಟೆ ಉಬ್ಬುತ್ತದೆ, ಜನ ಬೇಸತ್ತು ಬಿಟ್ಟುಬಿಡುತ್ತಾರೆ.

ಬೆಳಿಗ್ಗೆ ಏನಾದರೂ ತಿಂದು ಬಿಸಿಯಾಗಿ ಕುಡಿದ ಅರ್ಧ ಗಂಟೆಯೊಳಗೆ ಕರುಳು ತಾನಾಗಿಯೇ ಚಲಿಸುತ್ತದೆ. ಆ ಹೊತ್ತಿಗೆ ಹೋಗಿ ಹತ್ತು ನಿಮಿಷ ಕೂರಿ, ಬಾರದಿದ್ದರೆ ಎದ್ದುಬನ್ನಿ, ಮುಕ್ಕಬೇಡಿ ಎಂದೆ. ಮುಕ್ಕುವುದರಿಂದ ಮೂಲವ್ಯಾಧಿ ಹೆಚ್ಚುತ್ತದೆ, ಗುದದ್ವಾರ ಸೀಳುತ್ತದೆ. ಕುಕ್ಕರಗಾಲಿನಲ್ಲಿ ಕೂರುವ ನಮ್ಮ ಪದ್ಧತಿ ಇದಕ್ಕೆ ಅನುಕೂಲವಾದದ್ದು. ಮಂಡಿ ನೋವಿನಿಂದ ಎತ್ತರದ ಕಮೋಡು ಹಾಕಿಸಿಕೊಂಡವರು ಕಾಲಿನ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಂಡರೆ ಅದೇ ಅನುಕೂಲ ದೊರೆಯುತ್ತದೆ.

ಎರಡನೆಯ ವಾರ ಮಧ್ಯಾಹ್ನಕ್ಕೂ ಮುದ್ದೆ, ಜೊತೆಗೆ ಹುರುಳಿಯೋ ಅವರೆಯೋ. ದಿನಕ್ಕೊಂದು ತಟ್ಟೆ, ಅಂದರೆ ಸುಮಾರು 200 ಗ್ರಾಂ, ಮಾಗಿದ ಪರಂಗಿ ಹಣ್ಣು. ಇದನ್ನು ಪಪ್ಪಾಯಿ ಎಂದೂ ಕರೆಯುತ್ತೀರಿ. ಪರಂಗಿಯಲ್ಲಿ ಏನೋ ಮಂತ್ರಶಕ್ತಿಯಿದೆ ಎನ್ನುವವರುಂಟು. ಅದರ ಹಾಲಿನಲ್ಲಿ ಮಾಂಸವನ್ನು ಮೆತ್ತಗೆ ಮಾಡುವ ಪಪೈನ್ ಎಂಬ ವಸ್ತುವಿರುವುದು ನಿಜ, ಆದರೆ ಅದು ಹೆಚ್ಚಾಗಿರುವುದು ಕಾಯಿಯಲ್ಲಿ. ಹಣ್ಣು ಕೆಲಸ ಮಾಡುವುದು ಅದರ ನಾರಿನಿಂದ ಮತ್ತು ನೀರಿನಿಂದ. ನೂರರಲ್ಲಿ ಎಂಬತ್ತೆಂಟರಷ್ಟು ಅದರಲ್ಲಿ ನೀರೇ. ಬಚ್ಚಲ ನೀರು ಹರಿಯುವ ಹಿತ್ತಿಲಿನಲ್ಲಿ ಎರಡು ಗಿಡವಿದ್ದರೆ ಮನೆಗೆ ಸಾಕು. ಬಸುರಿಯರು ಪರಂಗಿ ಕಾಯಿಯನ್ನು, ಅರೆಮಾಗಿದ್ದನ್ನು ತಿನ್ನಬಾರದು. ಸಕ್ಕರೆ ಕಾಯಿಲೆಯವರು ತಟ್ಟೆಯನ್ನು ಅರ್ಧ ಮಾಡಿಕೊಳ್ಳಲಿ.

ಈ ಹೊತ್ತಿಗೆ ಅವರು ಮೂರು ದಿನಕ್ಕೊಮ್ಮೆ ಹೋಗುತ್ತಿದ್ದರು, ಇನ್ನೂ ಸ್ವಲ್ಪ ಗಟ್ಟಿ. ಮೂರನೆಯ ವಾರ ಇಸಬ್‌ಗೋಲನ್ನು ಸೇರಿಸಿದೆವು, ಈ ಸಲ ಕ್ರಮವಾಗಿ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಮಲಗುವುದಕ್ಕೆ ಬಹಳ ಮುಂಚೆ, ಒಂದು ಟೀ ಚಮಚ ಹೊಟ್ಟನ್ನು ದೊಡ್ಡ ಲೋಟದ ತುಂಬ ನೀರಿಗೆ ಹಾಕಿ, ಕಲಕಿ, ಊದುವ ಮೊದಲೇ ಕುಡಿಯುವುದು. ಹಿಂದೆಯೇ ಇನ್ನೊಂದು ಲೋಟ ನೀರು. ಒಂದು ವಾರದ ಮೇಲೆ ಬೇಕಿದ್ದರೆ ಎರಡು ಚಮಚ. ಇದು ಬೇಧಿ ಮಾತ್ರೆಯಂತೆ ಬೆಳಗಾಗುವುದರೊಳಗೆ ಓಡಿಸುವುದಿಲ್ಲ. ಎರಡು ಮೂರು ದಿನ ಬೇಕು, ಪೂರ್ತಿ ಗುಣ ಕಾಣಲು ಎರಡು ಮೂರು ವಾರ ಬೇಕು. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಅವು ಈ ಲೋಳೆಯಲ್ಲಿ ಸಿಕ್ಕಿಕೊಂಡು ಮೈಗೆ ಹತ್ತುವುದಿಲ್ಲ. ನುಂಗಲು ತೊಂದರೆಯಿರುವವರು ಇದನ್ನು ಮುಟ್ಟಲೇಬಾರದು. ಐದನೆಯ ವಾರ ನಮ್ಮ ರೈತರು ಬಂದು, ದಿನ ಬಿಟ್ಟು ದಿನ ಸರಾಗವಾಗಿದೆ, ಹರಳೆಣ್ಣೆಯನ್ನು ಗಾಡಿಯ ಕೀಲಿಗೆ ಹಾಕಿದೆ ಎಂದರು.

ಆದರೆ ಅದೇ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು, ಅದನ್ನೂ ಹೇಳಬೇಕು. ಮಗನಿಗೆ ಗುಣವಾಯಿತಲ್ಲ ಎಂದು ಅವರ ತಾಯಿಗೂ ಇಸಬ್‌ಗೋಲು ಕೊಟ್ಟರು. ಎಂಬತ್ತು ವರ್ಷದ ಅಜ್ಜಿ, ಸೊಂಟ ಮುರಿದು ಹಾಸಿಗೆ ಹಿಡಿದವರು, ನೋವಿಗೆ ಬಲವಾದ ಮಾತ್ರೆ ನಡೆಯುತ್ತಿತ್ತು. ಹತ್ತು ದಿನ ಮಲವಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ತೆಳ್ಳಗೆ ಬಟ್ಟೆಯಲ್ಲೇ ಸೋರತೊಡಗಿತು. ಬೇಧಿಯೆಂದು ತಿಳಿದು ಬೇಧಿ ನಿಲ್ಲುವ ಮಾತ್ರೆ ಕೊಟ್ಟರು. ನಾನು ಹೋಗಿ ಪರೀಕ್ಷಿಸಿದಾಗ ಗುದದ್ವಾರದ ಒಳಗೆ ಕಲ್ಲಿನಂಥ ಮಲದ ಗಡ್ಡೆಯಿತ್ತು. ಮೇಲಿನಿಂದ ಬಂದ ನೀರು ಅದರ ಪಕ್ಕದಿಂದ ಸೋರುತ್ತಿತ್ತು, ತೂಬು ಕಟ್ಟಿಕೊಂಡ ಕೆರೆಯ ಏರಿ ಜಿನುಗುವ ಹಾಗೆ. ಇಂಥ ಕಡೆ ನಾರು, ಇಸಬ್‌ಗೋಲು ಎರಡೂ ತೊಂದರೆಯನ್ನು ಹೆಚ್ಚಿಸುತ್ತವೆ. ಎನಿಮಾ ಕೊಟ್ಟು ಗಡ್ಡೆಯನ್ನು ತೆಗೆದು, ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ದಿನವೂ ಕೊಟ್ಟೆವು. ಅದು ಕರುಳಿನಲ್ಲಿ ನೀರನ್ನು ಉಳಿಸುವ ಔಷಧ. ವೈದ್ಯರ ಸಲಹೆಯಂತೆ ಬಹುಕಾಲ ಕೊಡಬಹುದು.

ಅಜ್ಜಿಯ ವಿಷಯದಲ್ಲಿ ಮೂಲ ಕಾರಣ ನೋವಿನ ಮಾತ್ರೆ. ಟ್ರಮಡಾಲ್, ಕೊಡೀನ್ ಜಾತಿಯ ಮಾತ್ರೆಗಳು, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ರಕ್ತದೊತ್ತಡದ ಕೆಲವು ಮಾತ್ರೆಗಳು ಹೊಟ್ಟೆ ಕಟ್ಟಿಸುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ಕೇಳಿ. ಥೈರಾಯ್ಡ್ ಗ್ರಂಥಿ ಮಂದವಾದರೂ, ಸಕ್ಕರೆ ಕಾಯಿಲೆ ಹಳೆಯದಾದರೂ ಹೀಗಾಗುತ್ತದೆ. ಮಲ ಮೆತ್ತಗಿದ್ದರೂ ಹೊರಬಾರದವರಿಗೆ ಬಾಗಿಲಿನ ಸ್ನಾಯುಗಳು ಸಡಿಲಗೊಳ್ಳುತ್ತಿಲ್ಲವೆಂದು ಅರ್ಥ. ಅದಕ್ಕೆ ಬೇರೆ ತರಬೇತಿಯಿದೆ, ಎಷ್ಟು ಸೊಪ್ಪು ತಿಂದರೂ ಹೋಗದು.

ಮೂರು ನಾಲ್ಕು ವಾರ ಕ್ರಮವಾಗಿ ಮಾಡಿಯೂ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಬನ್ನಿ. ಕೆಲವರು ಅಷ್ಟು ದಿನವೂ ಕಾಯಬಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ಮುಖ ಬಿಳಿಚಿಕೊಂಡು ಏದುಸಿರು ಬಂದರೆ, ನಲವತ್ತೈದು ಐವತ್ತು ದಾಟಿದ ಮೇಲೆ ಇಷ್ಟು ಕಾಲದ ಅಭ್ಯಾಸ ಹೊಸದಾಗಿ ಕೆಟ್ಟರೆ, ಅಥವಾ ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಕರುಳಿನ ಒಳಗೆ ದುರ್ಬೀನು ಹಾಕಿ ನೋಡಬೇಕಾಗಬಹುದು. ಇನ್ನು ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯು ಸಹ ಹೋಗದೆ ನಿಂತಿದ್ದರೆ ಬೇಧಿ ಔಷಧ, ಎನಿಮಾ ಏನನ್ನೂ ಕೊಡದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯಬೇಡಿ.

ನಮ್ಮಲ್ಲಿಗೆ ಬರುವಾಗ ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ಅಂಗಡಿಯವರು ಕೊಟ್ಟ ಬಿಡಿ ಮಾತ್ರೆ, ಚೂರ್ಣಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.