ಗಾಲಿ ಆಮೇಲೆ, ಮೊದಲು ಕಾಲು

"ಮಗನಿಗೆ 26 ಇಂಚಿನ ಸೈಕಲ್ ಕೊಡಿಸಬೇಕೋ, 29ರದ್ದೋ?" ಕೇಳುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಈ ಇಂಚು ಗಾಲಿಯದು. ಸೈಕಲ್ಲು ಮೈಗೆ ಹೊಂದುವುದೂ ಹೊಂದದಿರುವುದೂ ಮೊದಲು ಫ್ರೇಮಿನಿಂದ. 29ರ ಗಾಲಿ ಚಿಕ್ಕ ಫ್ರೇಮಿಗೂ ಬರುತ್ತದೆ, ದೊಡ್ಡದಕ್ಕೂ ಬರುತ್ತದೆ.

ಫ್ರೇಮಿಗೆ ಬೇಕಾದದ್ದು ಒಳಗಾಲಿನ ಉದ್ದ. ಪ್ಯಾಂಟಿನ ಒಳಹೊಲಿಗೆಯ ಅಳತೆ ನಡೆಯುವುದಿಲ್ಲ. ಪ್ಯಾಂಟಿನ ಕವಟೆ ಮೈಯಿಂದ ಕೆಳಗೆ ಜೋತಿರುತ್ತದೆ, ಅಂಚು ನೆಲ ಮುಟ್ಟುವುದಿಲ್ಲ. ಎರಡೂ ಕಡೆ ಅಳತೆ ತಪ್ಪುತ್ತದೆ. ನಾನು ಒಮ್ಮೆ ಅದನ್ನೇ ನಂಬಿ ಕೊಂಡ ಸೈಕಲ್ಲಿನಲ್ಲಿ ಕಾಲು ಸಾಕಷ್ಟು ನೀಡಲು ಸೀಟನ್ನು ಏರಿಸಿದಾಗ, ಸೀಟಿನ ಕಂಬದ ಮೇಲೆ ಕೊರೆದಿದ್ದ ಎಚ್ಚರಿಕೆಯ ಗೆರೆಯೇ ಹೊರಗೆ ಬಂದುಬಿಟ್ಟಿತ್ತು. ಅದು ಫ್ರೇಮಿನ ಒಳಗೇ ಇರಬೇಕಾದ ಗೆರೆ.

ಅಳೆಯುವುದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಗೇಣಿನಷ್ಟು ಜಾಗ ಬಿಟ್ಟು ನಿಲ್ಲಬೇಕು. ಗಟ್ಟಿ ರಟ್ಟಿನ ಪುಸ್ತಕದ ಬೆನ್ನು ಮೇಲೆ ಬರುವಂತೆ ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟು ಬಲವಾಗಿ ಮೇಲಕ್ಕೆ ಒತ್ತಬೇಕು. ಸುಮ್ಮನೆ ತಾಗಿಸಿದರೆ ಸಾಲದು, ಮೂಳೆಗೆ ತಾಗುವಷ್ಟು ಒತ್ತಬೇಕು. ಇನ್ನೊಬ್ಬರು ಪುಸ್ತಕದ ಮೇಲಂಚಿಗೆ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಲಿ. ನೆಲದಿಂದ ಗುರುತಿನವರೆಗೆ ಮೂರು ಸಲ ಅಳೆಯಿರಿ.

ಅಕ್ಕ, ತಮ್ಮ ಇಬ್ಬರೂ 165 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಅಕ್ಕನ ಒಳಗಾಲು 78, ತಮ್ಮನದು 72. ಫ್ರೇಮಿನ ಮೇಲಿನ ಬಾರು ನೆಲದಿಂದ 74 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅಕ್ಕನಿಗೆ 4 ಸೆಂಟಿಮೀಟರ್ ಬಿಡುವು ಸಿಗುತ್ತದೆ. ರಸ್ತೆಯ ಸೈಕಲ್ಲಿಗೆ ಅಷ್ಟು ಸಾಕು. ತಮ್ಮ ಹಠಾತ್ತನೆ ಇಳಿದರೆ ಬಾರು ತೊಡೆಸಂದಿಗೆ ಬಡಿಯುತ್ತದೆ. ಹಾಗೆಂದು ಅವನಿಗೆ ತೀರಾ ಚಿಕ್ಕ ಫ್ರೇಮು ಕೊಟ್ಟರೂ ತಪ್ಪೇ. ಅವನ ಕಾಲು ಗಿಡ್ಡ, ಮುಂಡ ಉದ್ದ. ಹ್ಯಾಂಡಲ್ಲು ಎದೆಗೆ ಹತ್ತಿರವಾಗಿ ಬೆನ್ನು ಗೂನಾಗುತ್ತದೆ. ಬಾರು ಹಿಂದಕ್ಕೆ ಇಳಿಜಾರಾಗಿದ್ದು, ಸೀಟಿನಿಂದ ಹ್ಯಾಂಡಲ್ಲಿಗೆ ಸಾಕಷ್ಟು ದೂರವಿರುವ ಫ್ರೇಮು ಅವನಿಗೆ ಬೇಕು. ಎತ್ತರದ ಲೆಕ್ಕ ಬರುವುದು ಇಲ್ಲಿ.

ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಹಾಗೆ ಸೀಟು ಇಳಿಸಿ ದಿನಾ ದೂರ ತುಳಿದರೆ ಮಂಡಿ ಅತಿಯಾಗಿ ಮಡಚಿ ಮುಂಭಾಗದಲ್ಲಿ ನೋವು ಹಿಡಿಯುತ್ತದೆ. ಒಳಗಾಲನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಸಿಗುತ್ತದೆ. ಅಕ್ಕನಿಗೆ ಸುಮಾರು 69, ತಮ್ಮನಿಗೆ 63.6 ಸೆಂಟಿಮೀಟರ್. ಅಲ್ಲಿಂದ ಶುರುಮಾಡಿ ತುಸು ಹೊಂದಿಸಿಕೊಳ್ಳಬಹುದು.

ಇನ್ನು ಗಾಲಿ. ಐದಡಿ ಎರಡಿಂಚಿನವರಿಗೆ 29ರದ್ದು ಆಗದು ಎಂದೇನಿಲ್ಲ, ಆದರೆ ಚಿಕ್ಕ ಫ್ರೇಮಿನಲ್ಲಿ ದೊಡ್ಡ ಮುಂಗಾಲಿ ಪಾದಕ್ಕೆ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ಒಂದು ಪೆಡಲನ್ನು ನೇರ ಮುಂದಕ್ಕೆ ತಂದು, ಶೂ ಹಾಕಿದ ಪಾದವನ್ನು ಅದರ ಮೇಲಿಟ್ಟು, ಹ್ಯಾಂಡಲ್ಲನ್ನು ನಿಧಾನ ಎರಡೂ ಕಡೆ ತಿರುಗಿಸಿ ನೋಡಿ. ಶೂ ತುದಿ ಟೈರಿಗೆ ತಾಗಿದರೆ 27.5 ಅಥವಾ 26ರ ಗಾಲಿಯ ಸೈಕಲ್ ತರಿಸಿ, ಅದನ್ನೂ ಹೀಗೆಯೇ ತಿರುಗಿಸಿ ನೋಡಿ.