ಅರ್ಧ ನಿಮಿಷದ ಮಾತು, ಹೊಲಿಗೆ ಅಂಗಡಿಗೆ

ಓಣಿಯ ಹೊಲಿಗೆ ಅಂಗಡಿಯ ರೀಲಿಗೆ ಮಾತು ಬರೆಯುವವರು ಕುಬಸ, ಪರಕಾರ, ಫಾಲು, ಯೂನಿಫಾರ್ಮು ಎಲ್ಲ ತುಂಬುತ್ತಾರೆ. ನಿಧಾನ ಓದಿದರೆ 30 ಸೆಕೆಂಡಿಗೆ ಹಿಡಿಯುವುದು 50ರ ಆಸುಪಾಸು ಶಬ್ದ. ಅದಕ್ಕೆ ಒಂದೇ ಕೆಲಸ ಹಿಡಿಯಬೇಕು. ನಮ್ಮ ಜತ್ತ ಕಡೆ ಅದು ಕುಬಸ. ಹೀಗೆ ಓದಿಸಿ:

“ಅಕ್ಕಾರ, ಹೊಸಾ ಕುಬಸ ಒಂದ ಸಲ ಒಗದಿದ್ದಕ್ಕ ಬಿಗಿ ಆತೇನ್ರಿ? ಮ್ಯಾಲಿನ ಅರಿಬಿ ಹಂಗ ಐತಿ, ಒಳಗಿನ ಅಸ್ತರ ಕುಗ್ಗೇತಿ. ಹತ್ತಿ ಅಸ್ತರ ನೆನಸದ ಹೊಲದ್ರ ಹಿಂಗ ಆಗತೈತಿ. ನಾವು ಮೊದಲ ನೀರಾಗ ನೆನಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮ್ಯಾಲ ಕತ್ತರಿ ಹಚ್ಚತೀವಿ. ಬಗಲಾಗ ಜರಾ ಅರಿಬಿ ಒಳಗ ಬಿಡತೀವಿ, ಬೇಕಾದಾಗ ಬಿಚ್ಚಿ ಸಡಲ ಮಾಡಾಕ. ಗುಡ್ಡಾಪುರ ಜಾತ್ರಿಗೆ ಹೊಸಾದು ಬೇಕೇನ್ರಿ? ನಿಮಗ ಸರಿ ಕೂಡು ಹಳೇ ಕುಬಸ ತಗೊಂಡ ಇವತ್ತ ಸಂಜೀಕ ಅಂಗಡಿಗೆ ಬರ್ರಿ.”

‘ಅಸ್ತರ’ ಎಂದರೆ ಮರಾಠಿ ಮನೆಯವರಿಗೂ ತಿಳಿಯುತ್ತದೆ. ಫೋನ್ ನಂಬರು ಬಾಯಿಂದ ಹೇಳಬೇಡಿ, ಕೇಳಿದವರಿಗೆ ನೆನಪಿರದು. ಪರದೆಯ ಮೇಲೆ ಬರೆದರೆ ಸಾಕು. ಅಳತೆಯ ಕುಬಸ ಹೇಗೂ ಟೇಲರರಿಗೆ ಬೇಕು, ಕೊನೆಯ ಮಾತು ಅದೇ ಇರಲಿ. ಅಸ್ತರ ನೆನೆಸದ ಅಂಗಡಿಯವರು ಮಾತ್ರ ಇದನ್ನು ಓದಿಸಬಾರದು, ಮೊದಲ ಒಗೆತಕ್ಕೇ ಗೊತ್ತಾಗುತ್ತದೆ.